ಕುಕ್ಕರ್ ಗ್ಯಾಸ್ಕೆಟ್ ಮನೆಬಾಗಿಲಿಗೆ ಬರುವ ದಾರಿ

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಸೀಟಿ ಕೂಗುವುದಿಲ್ಲ. ಮುಚ್ಚಳದ ಅಂಚಿನಿಂದ ಬುಸುಬುಸು ಹಬೆ ಹೋಗುತ್ತದೆ, ಬೇಳೆ ಬೇಯುವುದಿಲ್ಲ. ಊರಿನ ಪಾತ್ರೆ ಅಂಗಡಿಯಲ್ಲಿ ಕೇಳಿದರೆ, ‘ಆ ಅಳತೆದು ಸ್ಟಾಕ್ ಇಲ್ಲ ಅಮ್ಮಾ, ಶಿವಮೊಗ್ಗದಲ್ಲಿ ಸಿಗಬಹುದು’ ಎನ್ನುತ್ತಾರೆ. ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರಿನಷ್ಟು ದೂರ. ಒಂದು ರಬ್ಬರ್ ಬಳೆಗಾಗಿ ಬಸ್ಸಿನಲ್ಲಿ ಹೋಗಿ ಬರಲು ಮಂಡಿನೋವು ಬಿಡುವುದಿಲ್ಲ. ಹಿರಿಯರ ಮೊದಲ ಆನ್‌ಲೈನ್ ಖರೀದಿ ಹೀಗೆ, ಹತ್ತಿರದಲ್ಲಿ ಸಿಗದ ಸಣ್ಣ ವಸ್ತುವಿನಿಂದಲೇ ಆಗುವುದು ಒಳ್ಳೆಯದು. ಮೊದಲ ಸಲವೇ ಇಪ್ಪತ್ತು ಸಾವಿರದ ಟಿ.ವಿ. ತರಿಸಲು ಹೊರಟರೆ ಪ್ರತಿ ಗುಂಡಿ ಒತ್ತುವಾಗಲೂ ಕೈ ನಡುಗುತ್ತದೆ.

ಸಾಗರ ಪೇಟೆಯಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ ಇದ್ದಾರೆ ಎಂದಿಟ್ಟುಕೊಳ್ಳೋಣ. ವಯಸ್ಸು ಎಪ್ಪತ್ತು ದಾಟಿದೆ. ಮಗ ಬೆಂಗಳೂರಿನಲ್ಲಿದ್ದಾನೆ. ದೀಪಾವಳಿಗೆ ಬಂದವನು ಹೊಸ ಫೋನು ಕೊಡಿಸಿ, ಫ್ಲಿಪ್‌ಕಾರ್ಟ್, ಅಮೆಜಾನ್ ಎರಡನ್ನೂ ಹಾಕಿಕೊಟ್ಟು ಹೋಗಿದ್ದಾನೆ. ವಾಟ್ಸ್ಆಪ್ ನೋಡುವುದು, ಮೊಮ್ಮಕ್ಕಳಿಗೆ ವಿಡಿಯೊ ಕರೆ ಮಾಡುವುದು ಟೀಚರಿಗೆ ಬರುತ್ತದೆ. ಈಗ ಅವರ ಐದು ಲೀಟರ್ ಕುಕ್ಕರಿಗೆ ಗ್ಯಾಸ್ಕೆಟ್ ಬೇಕು. ಅದು ಅವರ ಮನೆಗೆ ಬರುವವರೆಗೆ ಏನೇನು ಆಗುತ್ತದೆ, ಎಲ್ಲಿ ಎಡವಟ್ಟಾಗಬಹುದು ಎಂಬುದನ್ನು ಅವರ ಜೊತೆಗೇ ನಡೆದು ನೋಡಬಹುದು.

ಮೊದಲು ಭಾಷೆ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲೇ ಪುಸ್ತಕ ಮಾರುತ್ತ ಶುರುವಾದ ಕಂಪನಿ. ಆದರೂ ಅದರ ಆ್ಯಪಿನಲ್ಲಿ ಕನ್ನಡ ಬಂದದ್ದು 2020ರಲ್ಲಿ. ಅದೇ ವರ್ಷ ಅಮೆಜಾನ್ ಕೂಡ ಕನ್ನಡ ಸೇರಿಸಿತು. ಆ್ಯಪಿನ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆ ಬದಲಿಸಿಕೊಂಡರೆ ಬಹಳಷ್ಟು ಪುಟಗಳು ಕನ್ನಡದಲ್ಲಿ ಬರುತ್ತವೆ. ಆದರೆ ಪೂರ್ತಿ ಅಲ್ಲ. ಸಾಮಾನಿನ ವಿವರ, ಮಾರಾಟಗಾರರ ಹೆಸರು, ಸಂದೇಶಗಳು ಅಲ್ಲಲ್ಲಿ ಇಂಗ್ಲಿಷಿನಲ್ಲೇ ಉಳಿದಿರುತ್ತವೆ. ಅನೇಕ ಮನೆಗಳಲ್ಲಿ ಮಕ್ಕಳು ಇಂಗ್ಲಿಷಿನಲ್ಲೇ ಇಟ್ಟುಕೊಟ್ಟಿರುತ್ತಾರೆ. ಹಾಗಾಗಿ ಇಲ್ಲಿ ಮುಖ್ಯವಾದ ನಾಲ್ಕಾರು ಪದಗಳನ್ನು ಪರದೆಯ ಮೇಲೆ ಕಾಣುವ ಹಾಗೆಯೇ ಕೊಟ್ಟಿದೆ. ಅಕ್ಷರ ಚಿಕ್ಕದೆನಿಸಿದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಎಂಬಲ್ಲಿ ಅಕ್ಷರದ ಗಾತ್ರ ಹೆಚ್ಚಿಸಬಹುದು. ಕನ್ನಡಕ ಹಾಕಿಕೊಂಡೂ ಕಣ್ಣು ಕಿರಿದಾಗಿಸಿ ಓದುವ ಅಗತ್ಯ ಇರಬಾರದು. ಬೆಲೆಯ ಪಕ್ಕದ ಸಣ್ಣ ಅಕ್ಷರದಲ್ಲೇ ಮುಖ್ಯ ವಿಷಯ ಇರುತ್ತದೆ.

ಖಾತೆ ಯಾರದು ಎಂಬ ಪ್ರಶ್ನೆಯನ್ನು ಸಾಮಾನು ಹುಡುಕುವ ಮೊದಲೇ ಕೇಳಿಕೊಳ್ಳಬೇಕು. ಮಗ ತನ್ನದೇ ಮೊಬೈಲ್ ನಂಬರ್ ಕೊಟ್ಟು ಲಾಗಿನ್ ಮಾಡಿ ಹೋಗಿದ್ದರೆ ಆ್ಯಪಿನಲ್ಲಿ ಅವನ ಬೆಂಗಳೂರಿನ ವಿಳಾಸ ಮೊದಲೇ ಕೂತಿರುತ್ತದೆ. ಸಂದೇಶಗಳೆಲ್ಲ ಅವನ ಫೋನಿಗೆ ಹೋಗುತ್ತವೆ, ಪಾರ್ಸೆಲ್ ತಂದವರು ಫೋನ್ ಮಾಡುವುದೂ ಅವನಿಗೇ. ಅವನು ಮೀಟಿಂಗಿನಲ್ಲಿ ಫೋನ್ ಎತ್ತದಿದ್ದರೆ ಸಾಗರದಲ್ಲಿ ಪಾರ್ಸೆಲ್ ವಾಪಸ್ ಹೋಗುತ್ತದೆ. ಟೀಚರ್ ತಮ್ಮ ಸ್ವಂತ ನಂಬರಿನಲ್ಲಿ ಖಾತೆ ತೆರೆಯುವುದೇ ಸರಿ. ನಂಬರ್ ಟೈಪ್ ಮಾಡಿದರೆ ಅದೇ ಫೋನಿಗೆ ಒಟಿಪಿ ಬರುತ್ತದೆ, ಅದನ್ನು ತುಂಬಿದರೆ ಮುಗಿಯಿತು. ಮಗನಿಗೆ ಗೊತ್ತಿರಲಿ ಎನಿಸಿದರೆ ಆರ್ಡರಿನ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆಪ್ ಮಾಡಬಹುದು.

ಇನ್ನು ಗ್ಯಾಸ್ಕೆಟ್. ಮೇಲಿನ ಹುಡುಕುವ ಪಟ್ಟಿಯಲ್ಲಿ ಮೈಕಿನ ಚಿತ್ರ ಇರುತ್ತದೆ. ಅದನ್ನು ಒತ್ತಿ ಕಂಪನಿಯ ಹೆಸರು ಸೇರಿಸಿ ‘ಕುಕ್ಕರ್ ಗ್ಯಾಸ್ಕೆಟ್ 5 ಲೀಟರ್’ ಎಂದು ಹೇಳಿದರೆ ಸಾಲುಸಾಲು ಚಿತ್ರಗಳು ಬರುತ್ತವೆ. ಮೊದಲು ಕಾಣುವುದೇ ಒಳ್ಳೆಯದು ಎಂದೇನಿಲ್ಲ. ‘Sponsored’ ಎಂದು ಸಣ್ಣದಾಗಿ ಬರೆದಿದ್ದರೆ ಅದು ಜಾಹೀರಾತು. ಇಲ್ಲಿ ಅವಸರ ಮಾಡದೆ ಕುಕ್ಕರನ್ನೇ ಪಕ್ಕದಲ್ಲಿಟ್ಟುಕೊಂಡು ನೋಡುವುದು ಜಾಣತನ. ಮುಚ್ಚಳ ಪಾತ್ರೆಯ ಒಳಗೆ ಕೂರುವ ಬಗೆಯದೋ, ಹೊರಗಿನಿಂದ ಮುಚ್ಚುವ ಬಗೆಯದೋ ಎಂಬುದರ ಮೇಲೆ ಗ್ಯಾಸ್ಕೆಟ್ ಬೇರೆಯಾಗುತ್ತದೆ. ಒಂದೇ ಕಂಪನಿಯ ಮೂರು ಲೀಟರಿನದು ಐದು ಲೀಟರಿಗೆ ಆಗದೆ ಇರಬಹುದು. ಕುಕ್ಕರಿನ ಮಾದರಿಯ ಹೆಸರು ಹಿಡಿಕೆಯ ಮೇಲೋ ತಳದಲ್ಲೋ ಇರುತ್ತದೆ. ಅದು ಸಾಮಾನಿನ ವಿವರದಲ್ಲಿ ಇದೆಯೇ ಎಂದು ಹೊಂದಿಸಿ ನೋಡಬೇಕು. ಕೆಳಗಡೆ ಕೊಂಡವರ ಅಭಿಪ್ರಾಯಗಳಿರುತ್ತವೆ. ಐದು ನಕ್ಷತ್ರ ಕೊಟ್ಟವರಿಗಿಂತ ಒಂದು ನಕ್ಷತ್ರ ಕೊಟ್ಟವರು ಏನು ಬರೆದಿದ್ದಾರೆ ಎಂದು ಓದುವುದು ಹೆಚ್ಚು ಉಪಯೋಗ. ‘ಅಳತೆ ಸರಿಯಿಲ್ಲ’ ಎಂದು ನಾಲ್ಕು ಜನ ಬರೆದಿದ್ದರೆ ಮುಂದಿನದನ್ನು ನೋಡಬೇಕು.

ಅದೇ ಪುಟದಲ್ಲಿ ಪಿನ್‌ಕೋಡ್ ತುಂಬುವ ಜಾಗ ಇರುತ್ತದೆ. ಅಲ್ಲಿ 577401 ಎಂದು ಸಾಗರದ ಪಿನ್ ಹಾಕಿದರೆ ಆ ಸಾಮಾನು ಅಲ್ಲಿಗೆ ಬರುತ್ತದೋ ಇಲ್ಲವೋ, ಬಂದರೆ ಯಾವ ತಾರೀಕಿನೊಳಗೆ ಎಂದು ತೋರಿಸುತ್ತದೆ. ಹಳ್ಳಿಯಲ್ಲಿರುವವರು ಈ ಹೆಜ್ಜೆ ಬಿಡಬಾರದು. ಪೇಟೆಗೆ ಬರುವ ಸಾಮಾನು ಹತ್ತು ಕಿಲೋಮೀಟರ್ ಆಚೆಯ ಊರಿಗೆ ಬರದೇ ಇರಬಹುದು.

ಎರಡು ಗುಂಡಿಗಳು ಕಾಣುತ್ತವೆ: ‘Add to Cart’ ಮತ್ತು ‘Buy Now’. ಮೊದಲನೆಯದು ಸಾಮಾನನ್ನು ಬುಟ್ಟಿಗೆ ಹಾಕುತ್ತದೆ ಅಷ್ಟೆ, ಹಣ ಕೇಳುವುದಿಲ್ಲ. ಎರಡನೆಯದು ನೇರ ಖರೀದಿಗೆ ಕರೆದೊಯ್ಯುತ್ತದೆ. ಹಾಗೆ ಕರೆದೊಯ್ದರೂ ತಕ್ಷಣ ಏನೂ ಆಗುವುದಿಲ್ಲ. ಇನ್ನೂ ವಿಳಾಸ, ಒಟ್ಟು ಹಣ, ಪಾವತಿ ಎಂಬ ಹಂತಗಳಿರುತ್ತವೆ, ಕೊನೆಯ ಗುಂಡಿ ಒತ್ತುವವರೆಗೂ ಹಿಂದಕ್ಕೆ ಬರಬಹುದು. ‘ತಪ್ಪಿ ಬೆರಳು ತಾಗಿತು, ದುಡ್ಡು ಹೋಯಿತು’ ಎಂಬ ಹೆದರಿಕೆ ಅನೇಕ ಹಿರಿಯರಲ್ಲಿದೆ. ಮನೆಬಾಗಿಲಲ್ಲಿ ಹಣ ಕೊಡುವ ಪದ್ಧತಿ ಆರಿಸಿಕೊಂಡವರಿಗಂತೂ ಆ ಭಯ ಬೇಡ.

ವಿಳಾಸ ಬರೆಯುವುದು

ಟೀಚರ್ ಜೀವನವಿಡೀ ಅಂಚೆ ಕಾಗದ ಬರೆದವರು, ವಿಳಾಸ ಬರೆಯುವುದು ಅವರಿಗೆ ಹೊಸದಲ್ಲ. ವ್ಯತ್ಯಾಸ ಇರುವುದು ಓದುವವರಲ್ಲಿ. ಪೋಸ್ಟ್‌ಮ್ಯಾನ್ ಊರಿನವರು. ‘ನಿವೃತ್ತ ಶಿಕ್ಷಕಿ, ಸಾಗರ’ ಎಂದಿದ್ದರೂ ಪತ್ರ ತಲುಪಿಸಿಬಿಡುತ್ತಾರೆ. ಪಾರ್ಸೆಲ್ ತರುವ ಹುಡುಗ ದಿನಕ್ಕೆ ಹತ್ತಾರು ಮನೆ ಹುಡುಕಬೇಕು, ಈ ಕೆಲಸಕ್ಕೆ ಸೇರಿ ಹದಿನೈದು ದಿನವಷ್ಟೇ ಆಗಿರಬಹುದು. ಊರನ್ನೇ ಅರಿಯದವರು ಬೈಕಿನ ಮೇಲೆ ಕೂತು ಓದಿ ಬರುವಂತೆ ವಿಳಾಸ ಇರಬೇಕು.

ಆ್ಯಪ್ ಕೇಳುವ ಖಾನೆಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ಹೆಸರು, ಮೊಬೈಲ್ ನಂಬರ್, ಪಿನ್‌ಕೋಡ್, ಮನೆ ನಂಬರ್ ಅಥವಾ ಮನೆಯ ಹೆಸರು, ರಸ್ತೆ ಅಥವಾ ಬಡಾವಣೆ, ಗುರುತಿನ ಜಾಗ, ಊರು, ರಾಜ್ಯ. ಇವುಗಳಲ್ಲಿ ಪಿನ್‌ಕೋಡ್ ಮತ್ತು ಮೊಬೈಲ್ ನಂಬರ್ ಎರಡು ಸರಿಯಿದ್ದರೆ ಉಳಿದಲ್ಲಿ ಒಂದೆರಡು ಕಾಗುಣಿತ ತಪ್ಪಿದ್ದರೂ ಸಾಮಾನು ಮುಟ್ಟುವ ಸಾಧ್ಯತೆ ಹೆಚ್ಚು. ಇವೆರಡರಲ್ಲಿ ಒಂದಂಕಿ ತಪ್ಪಿದರೆ ಉಳಿದದ್ದು ಎಷ್ಟು ಚೆಂದ ಬರೆದರೂ ಕಷ್ಟ.

ಪಿನ್‌ಕೋಡ್ ಬಂದದ್ದೇ ಇಂಥ ಗೊಂದಲ ತಪ್ಪಿಸಲು. ಒಂದೇ ಹೆಸರಿನ ಊರುಗಳು, ಹಲವು ಭಾಷೆಗಳ ಬರಹ, ಓದಲಾಗದ ಕೈಬರಹ ಇವೆಲ್ಲದರ ನಡುವೆ ಪತ್ರಗಳು ದಾರಿ ತಪ್ಪುತ್ತಿದ್ದವು. ಅಂಚೆ ಇಲಾಖೆಯಲ್ಲಿದ್ದ, ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಆರಂಕಿಯ ವ್ಯವಸ್ಥೆ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಮೊದಲ ಅಂಕಿ ದೇಶದ ವಲಯ. 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಮೊದಲ ಎರಡು ಅಂಕಿ 56ರಿಂದ 59ರೊಳಗಿದ್ದರೆ ಕರ್ನಾಟಕ. ಮೊದಲ ಮೂರು ಅಂಕಿ ಅಂಚೆ ವಿಂಗಡಣೆಯ ಜಿಲ್ಲೆಯನ್ನು ಹೇಳುತ್ತವೆ, ಕೊನೆಯ ಮೂರು ಆಯಾ ಅಂಚೆ ಕಚೇರಿಯನ್ನು. ಸಾಗರ ಎಂಬ ದೊಡ್ಡ ಊರು ಮಧ್ಯಪ್ರದೇಶದಲ್ಲೂ ಇದೆ. ಅದರ ಪಿನ್ 470ರಿಂದ ಶುರುವಾಗುತ್ತದೆ, ನಮ್ಮ ಸಾಗರದ್ದು 577ರಿಂದ. ಟೀಚರ್ ‘Sagar’ ಎಂದು ಮಾತ್ರ ಬರೆದಿದ್ದರೂ ಗ್ಯಾಸ್ಕೆಟ್ ಭೋಪಾಲದ ಕಡೆ ಹೋಗದಂತೆ ಕಾಯುವುದು ಈ ಮೂರಂಕಿ.

ಮಗನ ಖಾತೆಯ ಸಮಸ್ಯೆಯೂ ಇದರಿಂದಲೇ ಬಯಲಾಗುತ್ತದೆ. ಆ್ಯಪಿನ ಮೇಲ್ಭಾಗದಲ್ಲಿ ಸಾಮಾನು ಎಲ್ಲಿಗೆ ಹೋಗಲಿದೆ ಎಂದು ಸಣ್ಣದಾಗಿ ತೋರಿಸುತ್ತಿರುತ್ತದೆ. ಅಲ್ಲಿರುವ ಪಿನ್ 560ರಿಂದ ಶುರುವಾದರೆ ಅದು ಬೆಂಗಳೂರು. ವಿಳಾಸದ ಹೆಸರು, ರಸ್ತೆ ಎಲ್ಲ ಓದಲಾಗದಿದ್ದರೂ ಈ ಮೂರಂಕಿ ನೋಡಿದರೆ ಗೊತ್ತಾಗುತ್ತದೆ. ಹೀಗೆ ಹಳೆಯ ವಿಳಾಸವೇ ತಾನಾಗಿ ಆಯ್ಕೆಯಾಗಿ ಪಾರ್ಸೆಲ್ ಬೇರೆ ಊರಿಗೆ ಹೋಗುವುದು ಮೊದಲ ಸಲದವರಲ್ಲಿ ಬಹಳ ಸಾಮಾನ್ಯ ಎಡವಟ್ಟು. ವಿಳಾಸದ ಪುಟದಲ್ಲಿ ‘ಈಗ ನಾನಿರುವ ಜಾಗ ಬಳಸು’ ಎಂಬ ಅರ್ಥದ ಗುಂಡಿಯೂ ಇರುತ್ತದೆ. ಟೀಚರ್ ಮಗಳ ಮನೆಯಲ್ಲಿ ಕೂತು ಆರ್ಡರ್ ಮಾಡುತ್ತ ಅದನ್ನು ಒತ್ತಿದರೆ ಮಗಳ ಮನೆಯೇ ವಿಳಾಸವಾಗುತ್ತದೆ. ಸ್ವಂತ ಮನೆಯಲ್ಲಿದ್ದಾಗಲೂ ಫೋನು ಪಕ್ಕದ ಬೀದಿಯನ್ನು ತೋರಿಸುವುದುಂಟು. ಟೈಪ್ ಮಾಡುವುದು ನಿಧಾನವಾದರೂ ನಂಬಿಕೆಯದು.

ಹಳ್ಳಿಯವರಿಗೆ ತಮ್ಮ ಪಿನ್ ಖಚಿತವಾಗಿ ಗೊತ್ತಿಲ್ಲದಿದ್ದರೆ ಊರಿನ ಅಂಚೆ ಕಚೇರಿಯಲ್ಲಿ ಕೇಳುವುದು ಎಲ್ಲಕ್ಕಿಂತ ಸುಲಭ. ತಾಲ್ಲೂಕು ಕೇಂದ್ರದ ಪಿನ್ ಹಾಕಿದರೆ ಪಾರ್ಸೆಲ್ ಅಲ್ಲಿಗೆ ಬಂದು ನಿಂತುಬಿಡಬಹುದು. ಆಧಾರ್ ಕಾರ್ಡ್ ನೋಡಿ ಬರೆಯುವವರು ಅದರಲ್ಲಿರುವುದು ಈಗಿನ ಮನೆಯೋ ಹತ್ತು ವರ್ಷದ ಹಿಂದಿನದೋ ಎಂದು ನೋಡಿಕೊಳ್ಳಬೇಕು.

ಗುರುತಿನ ಜಾಗದ ಖಾನೆಯನ್ನು ಅನೇಕರು ‘ದೇವಸ್ಥಾನದ ಹತ್ತಿರ’ ಎಂದು ಬರೆದು ಮುಗಿಸುತ್ತಾರೆ. ದೇವಸ್ಥಾನಕ್ಕೆ ನಾಲ್ಕು ದಿಕ್ಕಿನಲ್ಲಿಯೂ ರಸ್ತೆಗಳಿರುತ್ತವೆ. ‘ಮಾರಿಕಾಂಬಾ ದೇವಸ್ಥಾನದ ಹಿಂದಿನ ರಸ್ತೆ, ಎಡಕ್ಕೆ ಮೂರನೇ ಮನೆ, ಹಸಿರು ಗೇಟು’ ಎಂದು ಬರೆದರೆ ಕೇಳದೆಯೇ ಬಂದು ನಿಲ್ಲಬಹುದು. ಲೇಬಲ್ ಓದುವವರು ದಾರಿಯುದ್ದಕ್ಕೂ ಬೇರೆ ಬೇರೆ ಊರಿನವರಾದ್ದರಿಂದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ತುಂಬುವುದು ಕ್ಷೇಮ. ವ್ಯಾಕರಣ ನೋಡುವವರು ಯಾರೂ ಇಲ್ಲ. ‘Marikamba temple back road, left 3rd house, green gate’ ಎಂದರೆ ಸಾಕು.

ಫೋನ್ ನಂಬರಿನ ವಿಷಯದಲ್ಲಿ ಒಂದು ಮಾತು ಹೆಚ್ಚಿಗೆ ಹೇಳಬೇಕು. ಗೊತ್ತಿಲ್ಲದ ನಂಬರಿನ ಕರೆ ಎತ್ತಬೇಡಿ ಎಂದು ಮಕ್ಕಳು ಹೇಳಿಕೊಟ್ಟಿರುತ್ತಾರೆ, ಅದು ಸರಿಯೇ. ಆದರೆ ಪಾರ್ಸೆಲ್ ತರುವವರ ಕರೆ ಬರುವುದು ಗೊತ್ತಿಲ್ಲದ ನಂಬರಿನಿಂದಲೇ. ಎರಡು ಸಲ ಎತ್ತದಿದ್ದರೆ ‘ಗ್ರಾಹಕರು ಸಿಗಲಿಲ್ಲ’ ಎಂದು ದಾಖಲಿಸಿ ಮುಂದೆ ಹೋಗುತ್ತಾರೆ. ಪಾರ್ಸೆಲ್ ಬರುವ ದಿನ ಮಾತ್ರ ಅಂಥ ಕರೆ ಎತ್ತಬೇಕು. ಆ ದಿನ ಯಾವುದು ಎಂಬುದು ಆ್ಯಪಿನಲ್ಲೇ ಗೊತ್ತಾಗುತ್ತದೆ, ಅದಕ್ಕೆ ಮುಂದೆ ಬರೋಣ. ಕಿವಿ ಸ್ವಲ್ಪ ಮಂದವಾದವರು ಎರಡನೆಯ ನಂಬರಿನ ಖಾನೆ ಇದ್ದರೆ ಪಕ್ಕದ ಮನೆಯವರದೋ ಅದೇ ಊರಿನ ನೆಂಟರದೋ ನಂಬರನ್ನು, ಅವರನ್ನು ಕೇಳಿ, ಹಾಕಬಹುದು. ಬೆಂಗಳೂರಿನ ಮಗನ ನಂಬರಿಗಿಂತ ಪಕ್ಕದ ಮನೆಯ ನಂಬರೇ ಇಲ್ಲಿ ಪ್ರಯೋಜನಕ್ಕೆ ಬರುವುದು.

ವಿಳಾಸ ಉಳಿಸಿದ ಮೇಲೆ ಹಣದ ಪುಟ. ಗ್ಯಾಸ್ಕೆಟಿನ ಬೆಲೆ 160 ರೂಪಾಯಿ ಎಂದಿದ್ದರೆ ಕೊನೆಗೆ 220 ಆಗಿರಬಹುದು. ಸಾಗಣೆಗೆ 40 ರೂಪಾಯಿ, ನಗದು ಪಾವತಿಗೆ ಪ್ರತ್ಯೇಕ ಶುಲ್ಕ, ಹೀಗೆ ಸಾಲುಗಳು ಸೇರುತ್ತವೆ. ಅಗ್ಗದ ಸಾಮಾನಿಗೆ ಈ ಶುಲ್ಕಗಳೇ ಭಾರ. ಹಾಗಾಗಿ ಬೆಲೆಯನ್ನಲ್ಲ, ಒಟ್ಟು ಮೊತ್ತವನ್ನು ನೋಡಿ ನಿರ್ಧರಿಸಬೇಕು. ಕೇಳದ ವಿಮೆ, ದಾನದ ಹೆಸರಿನ ಹತ್ತು ರೂಪಾಯಿ ಮೊದಲೇ ಸೇರಿಕೊಂಡಿದ್ದರೆ ಆ ಗುರುತನ್ನು ಒತ್ತಿ ತೆಗೆಯಬಹುದು. ಗ್ರಾಹಕರಿಗೆ ತಿಳಿಯದಂತೆ ಬುಟ್ಟಿಗೆ ಹೀಗೆ ಸೇರಿಸುವುದನ್ನು ಕೇಂದ್ರ ಸರ್ಕಾರ 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ.

ಮೊದಲ ಸಲಕ್ಕೆ ‘Cash on Delivery’ ಆರಿಸಿಕೊಳ್ಳುವುದು ಉತ್ತಮ. ಫ್ಲಿಪ್‌ಕಾರ್ಟ್ 2010ರಲ್ಲಿ ಈ ಪದ್ಧತಿ ತಂದ ಮೇಲೆಯೇ ಕಾರ್ಡ್ ಇಲ್ಲದ ಲಕ್ಷಾಂತರ ಜನ ಆನ್‌ಲೈನ್ ಖರೀದಿಗೆ ಧೈರ್ಯ ಮಾಡಿದ್ದು. ಪಾರ್ಸೆಲ್ ಕೈಗೆ ಬರುವವರೆಗೆ ಒಂದು ಪೈಸೆಯೂ ಹೋಗುವುದಿಲ್ಲ. ಎಲ್ಲ ನೋಡಿಕೊಂಡು ‘Place Order’ ಎಂಬುದನ್ನು ಒತ್ತಿದರೆ ಆರ್ಡರ್ ಆಯಿತು.

ಆರ್ಡರಿನ ಪುಟ

ಈಗ ಆ್ಯಪಿನೊಳಗೆ ಹೊಸದೊಂದು ಪುಟ ಹುಟ್ಟಿಕೊಂಡಿರುತ್ತದೆ. ಫ್ಲಿಪ್‌ಕಾರ್ಟಿನಲ್ಲಿ ಅದು ‘My Orders’ ಒಳಗೆ, ಅಮೆಜಾನಿನಲ್ಲಿ ‘Your Orders’ ಒಳಗೆ ಸಿಗುತ್ತದೆ. ಟೀಚರ್ ಕಲಿಯಬೇಕಾದ್ದು ಒಂದೇ ಒಂದು ಎನ್ನುವುದಾದರೆ, ಅದು ಈ ಪುಟಕ್ಕೆ ಹೋಗುವ ದಾರಿ. ಆರ್ಡರ್ ಆಗಿದೆಯೋ ಇಲ್ಲವೋ, ಎಲ್ಲಿಗೆ ಬರುತ್ತಿದೆ, ಎಷ್ಟು ಹಣ ಕೊಡಬೇಕು, ಈಗ ಎಲ್ಲಿದೆ, ತೊಂದರೆಯಾದರೆ ಯಾರನ್ನು ಕೇಳಬೇಕು ಎಲ್ಲವೂ ಅಲ್ಲಿದೆ. ಫೋನಿನಲ್ಲಿ ಯಾರೇ ಏನೇ ಹೇಳಲಿ, ಯಾವ ಸಂದೇಶವೇ ಬರಲಿ, ಈ ಪುಟ ಏನು ಹೇಳುತ್ತದೆ ಎಂದು ನೋಡಿಯೇ ನಂಬಬೇಕು.

ಆರ್ಡರ್ ಮಾಡಿದ ಕೂಡಲೇ ಅದನ್ನು ತೆರೆದು ವಿಳಾಸವನ್ನು ಮತ್ತೊಮ್ಮೆ ಓದಿ ನೋಡಬೇಕು. ಪಿನ್ ಸರಿಯೇ, ಹತ್ತಂಕಿಯ ಮೊಬೈಲ್ ನಂಬರ್ ಸರಿಯೇ. ತಪ್ಪಿದ್ದರೆ ಸಾಮಾನು ಗೋದಾಮು ಬಿಡುವ ಮೊದಲು ಬದಲಿಸಲು ಅವಕಾಶ ಇರುತ್ತದೆ. ಮನೆ ನಂಬರ್, ರಸ್ತೆಯಂಥ ಸಣ್ಣ ತಿದ್ದುಪಡಿ ಸುಲಭ. ಬೇರೆ ಊರಿನ ಪಿನ್ ಆದರೆ ಬದಲಿಸಲು ಬಿಡದಿರಬಹುದು, ಸಾಗಣೆಯ ದಾರಿಯೇ ಬೇರೆಯಾಗುತ್ತದಲ್ಲ. ಆಗ ‘Cancel’ ಒತ್ತಿ ರದ್ದು ಮಾಡಿ ಹೊಸದಾಗಿ ಆರ್ಡರ್ ಮಾಡುವುದೇ ಚುರುಕಾದ ದಾರಿ. ನಗದು ಪಾವತಿಯಾದ್ದರಿಂದ ಹಣ ವಾಪಸಿನ ಗೋಜೂ ಇಲ್ಲ.

ಪುಟದ ಮಧ್ಯದಲ್ಲಿ ಒಂದು ಗೆರೆ, ಅದರ ಮೇಲೆ ಚುಕ್ಕಿಗಳು. ಒಂದೊಂದು ಹಂತ ದಾಟಿದಂತೆ ಚುಕ್ಕಿ ಬಣ್ಣ ತುಂಬಿಕೊಳ್ಳುತ್ತದೆ. ‘Order Confirmed’ ಅಥವಾ ‘Ordered’ ಎಂದರೆ ಆರ್ಡರ್ ದಾಖಲಾಗಿದೆ, ಸಾಮಾನು ಇನ್ನೂ ಮಾರಾಟಗಾರರ ಬಳಿಯೇ ಇದೆ. ‘Shipped’ ಎಂದರೆ ಸಾಗಣೆಯವರ ಕೈಗೆ ಹೋಗಿದೆ. ಇಲ್ಲಿಂದ ಮುಂದೆ ಊರುಗಳ ಹೆಸರು ಬರತೊಡಗುತ್ತವೆ. ಗೆರೆಯನ್ನು ಒತ್ತಿದರೆ ತಾರೀಕು, ಗಂಟೆ ಸಮೇತ ಪಟ್ಟಿ ತೆರೆದುಕೊಳ್ಳುತ್ತದೆ. ‘ನಾನು ಆರ್ಡರ್ ಮಾಡಿದ್ದು ಸಾಗರಕ್ಕೆ, ಇದು ಮಾಲೂರು ಅಂತ ತೋರಿಸ್ತಿದೆಯಲ್ಲ’ ಎಂದು ಟೀಚರ್ ಗಾಬರಿಯಾಗಬೇಕಿಲ್ಲ. ಬೆಂಗಳೂರಿನ ಸುತ್ತ ಮಾಲೂರು, ಹೊಸಕೋಟೆ, ನೆಲಮಂಗಲದ ಕಡೆ ದೊಡ್ಡ ದೊಡ್ಡ ಗೋದಾಮುಗಳಿವೆ. ಅಲ್ಲಿ ವಿಂಗಡಣೆಯಾಗಿ ರಾತ್ರಿ ಲಾರಿ ಹತ್ತಿ ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ಸಾಗರದ ಕೇಂದ್ರಕ್ಕೆ ಬರುತ್ತದೆ. ಮಾರಾಟಗಾರ ದೆಹಲಿಯವನಾದರೆ ಇನ್ನೂ ನಾಲ್ಕು ಊರು ಹೆಚ್ಚು.

ಒಂದೇ ಜಾಗದಲ್ಲಿ ಎರಡು ದಿನ ನಿಂತಂತೆ ಕಂಡರೂ ಅದು ಕಳೆದುಹೋಗಿದೆ ಎಂದಲ್ಲ. ಒಂದೊಂದು ಕೇಂದ್ರದಲ್ಲಿ ಪಾರ್ಸೆಲಿನ ಮೇಲಿನ ಗೆರೆಗುರುತನ್ನು ಯಂತ್ರಕ್ಕೆ ತೋರಿಸಿದಾಗ ಮಾತ್ರ ಪುಟ ಬದಲಾಗುತ್ತದೆ. ಲಾರಿ ರಸ್ತೆಯ ಮೇಲಿರುವಾಗ ಯಾರೂ ತೋರಿಸುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ಕಡೆ ಇನ್ನೊಂದು ದಿನ ತಡವಾಗುವುದು ಸಹಜ. ಆ್ಯಪ್ ಹೇಳಿದ ತಾರೀಕು ದಾಟಿಯೂ ಎರಡು ದಿನ ಏನೂ ಬದಲಾಗದಿದ್ದರೆ ಆಗ ಸಹಾಯ ಕೇಳಬಹುದು. ಎರಡು ಸಾಮಾನು ಒಟ್ಟಿಗೆ ಆರ್ಡರ್ ಮಾಡಿದ್ದರೆ ಅವು ಬೇರೆ ಬೇರೆ ಪೊಟ್ಟಣದಲ್ಲಿ, ಬೇರೆ ಬೇರೆ ದಿನ ಬರಬಹುದು ಎಂಬುದೂ ನೆನಪಿರಲಿ.

ಸಣ್ಣ ಮಾರಾಟಗಾರರು ಕೆಲವೊಮ್ಮೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಾರೆ. ಆಗ ಅವರು ಕೊಡುವ ನಂಬರ್ ಹದಿಮೂರು ಅಕ್ಷರದ್ದು: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ IN. ಅದನ್ನು indiapost.gov.in ತಾಣದಲ್ಲಿ ಹಾಕಿ ನೋಡಬಹುದು. ಊರಿನ ಅಂಚೆ ಕಚೇರಿಗೆ ಆ ನಂಬರ್ ಬರೆದುಕೊಂಡು ಹೋಗಿ ಕೇಳಿದರೂ ಆದೀತು.

‘Out for Delivery’ ಎಂದು ಬಂದರೆ ಅದೇ ಆ ದಿನ. ಪಾರ್ಸೆಲ್ ಊರಿನ ಕೇಂದ್ರದಿಂದ ಹುಡುಗನ ಚೀಲಕ್ಕೆ ಹೋಗಿದೆ. ಅಂದು ಫೋನನ್ನು ಪೂಜೆಯ ಕೋಣೆಯಲ್ಲೋ ಚಾರ್ಜಿಗೋ ಇಟ್ಟು ಮರೆಯದೆ ಹತ್ತಿರ ಇಟ್ಟುಕೊಳ್ಳಬೇಕು, ಹಣವನ್ನು ಚಿಲ್ಲರೆ ಸಮೇತ ಎತ್ತಿಡಬೇಕು. ‘ಅಮ್ಮಾ, ಪಾರ್ಸೆಲ್ ಇದೆ, ಮಾರಿಗುಡಿ ಹತ್ರ ಇದೀನಿ, ಮನೆ ಎಲ್ಲಿ ಬರುತ್ತೆ?’ ಎಂಬ ಕರೆ ಬಂದರೆ ದಾರಿ ಹೇಳಿದರಾಯಿತು. ಅವರಿಗೆ ಬೇಕಾದದ್ದು ದಾರಿ ಮಾತ್ರ. ಬೇರೇನಾದರೂ ಕೇಳಿದರೆ ಅನುಮಾನಿಸಬೇಕು.

ಸುಳ್ಳು ಸಂದೇಶ, ಸುಳ್ಳು ಕರೆ

ಪಾರ್ಸೆಲ್ ಕಾಯುತ್ತಿರುವವರ ಮನಸ್ಸು ಮೋಸಗಾರರಿಗೆ ಚೆನ್ನಾಗಿ ಗೊತ್ತು. ‘ನಿಮ್ಮ ವಿಳಾಸ ಅಪೂರ್ಣ, 48 ಗಂಟೆಯೊಳಗೆ ಈ ಲಿಂಕಿನಲ್ಲಿ ಸರಿಪಡಿಸಿ, ಇಲ್ಲವಾದರೆ ಪಾರ್ಸೆಲ್ ವಾಪಸ್’ ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಸಂದೇಶಗಳು ಹರಿದಾಡಿದ್ದವು. ಇವು ಸುಳ್ಳು, ಅಂಚೆ ಇಲಾಖೆ ಇಂಥ ಸಂದೇಶ ಕಳಿಸುವುದಿಲ್ಲ ಎಂದು ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿಯ ಸತ್ಯಪರಿಶೀಲನಾ ವಿಭಾಗ 2024ರಲ್ಲಿ ಹೇಳಿತ್ತು. ಲಿಂಕ್ ಒತ್ತಿದರೆ ಅಂಚೆ ಇಲಾಖೆಯಂತೆಯೇ ಕಾಣುವ ಪುಟ ಬರುತ್ತದೆ, ಐದೋ ಹತ್ತೋ ರೂಪಾಯಿ ಶುಲ್ಕ ಕೇಳುತ್ತದೆ. ಅವರಿಗೆ ಬೇಕಿರುವುದು ಆ ಹತ್ತು ರೂಪಾಯಿಯಲ್ಲ, ಅದನ್ನು ಕಟ್ಟಲು ತುಂಬುವ ಕಾರ್ಡಿನ ವಿವರ. ಇಂಥದ್ದು ಬಂದಾಗ ಟೀಚರ್ ಮಾಡಬೇಕಾದ್ದು ಇಷ್ಟೆ: ಲಿಂಕ್ ಮುಟ್ಟದೆ ಆ್ಯಪ್ ತೆರೆದು ಆರ್ಡರಿನ ಪುಟ ನೋಡುವುದು. ವಿಳಾಸದಲ್ಲಿ ನಿಜಕ್ಕೂ ತೊಂದರೆ ಇದ್ದರೆ ಅಲ್ಲಿಯೇ ಬರೆದಿರುತ್ತದೆ.

ಇನ್ನೊಂದು ಬಗೆ ಕರೆಯದು. ‘ಕೊರಿಯರ್ ಆಫೀಸಿನಿಂದ ಮಾತಾಡುತ್ತಿದ್ದೇವೆ, ಡೆಲಿವರಿ ಹುಡುಗನ ಜೊತೆ ಮಾತಾಡಲು *401* ಒತ್ತಿ ಈ ನಂಬರ್ ಡಯಲ್ ಮಾಡಿ’ ಎನ್ನುತ್ತಾರೆ. ಹಾಗೆ ಡಯಲ್ ಮಾಡಿದರೆ ಆ ಫೋನಿಗೆ ಬರುವ ಕರೆಗಳೆಲ್ಲ ಮೋಸಗಾರನ ನಂಬರಿಗೆ ತಿರುಗುತ್ತವೆ. ಬ್ಯಾಂಕಿನ ಖಚಿತಪಡಿಸುವ ಕರೆಯೂ ಅವನಿಗೇ ಹೋಗುತ್ತದೆ. ದೂರಸಂಪರ್ಕ ಇಲಾಖೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಯಾರಾದರೂ ಅಪ್ಪಿತಪ್ಪಿ ಹೀಗೆ ಮಾಡಿದ್ದರೆ ಫೋನಿನಲ್ಲಿ ##002# ಡಯಲ್ ಮಾಡಿದಾಗ ಹೀಗೆ ತಿರುಗಿಸಿದ್ದೆಲ್ಲ ರದ್ದಾಗುತ್ತದೆ. ಹಣ ಹೋಗಿದೆ ಎಂದು ಗೊತ್ತಾದ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ತಿಳಿಸಿದರೆ ಬ್ಯಾಂಕಿನಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಆರ್ಡರ್ ಮಾಡದ ಪಾರ್ಸೆಲನ್ನು ಬಾಗಿಲಿಗೆ ತಂದು ‘ನಿಮ್ಮ ಮನೆಯವರು ತರಿಸಿದ್ದು, 499 ಕೊಡಿ’ ಎನ್ನುವುದೂ ಇದೆ. ಆರ್ಡರಿನ ಪುಟದಲ್ಲಿ ಇಲ್ಲದ, ಮನೆಯವರನ್ನು ಕೇಳಿದರೂ ಗೊತ್ತಿಲ್ಲದ ಪಾರ್ಸೆಲಿಗೆ ಹಣ ಕೊಡಬಾರದು. ‘ಬೇಡ’ ಎಂದು ವಾಪಸ್ ಕಳಿಸಲು ಯಾರಿಗೂ ಪೂರ್ಣ ಹಕ್ಕಿದೆ.

ಬಾಗಿಲಲ್ಲಿ

ಗ್ಯಾಸ್ಕೆಟ್ ಬಂದಿದೆ. ಪೊಟ್ಟಣದ ಮೇಲಿನ ಹೆಸರು, ಹಣದ ಮೊತ್ತ ಪುಟದಲ್ಲಿರುವಷ್ಟೇ ಇದೆಯೇ ಎಂದು ನೋಡಿ ಹಣ ಕೊಡಬೇಕು. ಕೆಲವು ಆರ್ಡರುಗಳಿಗೆ, ಮುಖ್ಯವಾಗಿ ಬೆಲೆಬಾಳುವ ಸಾಮಾನಿಗೆ, ಒಟಿಪಿ ಕೇಳುತ್ತಾರೆ. ಪಾರ್ಸೆಲ್ ಕಣ್ಣೆದುರು ಇರುವಾಗ, ಬಾಗಿಲಲ್ಲಿ ನಿಂತವರಿಗೆ ಮಾತ್ರ ಅದನ್ನು ಹೇಳಬೇಕು. ‘ದಾರಿಯಲ್ಲಿದೀನಿ, ಒಟಿಪಿ ಹೇಳಿಬಿಡಿ’ ಎಂದರೆ ‘ಮನೆಗೆ ಬಾಪ್ಪಾ, ಹೇಳ್ತೀನಿ’ ಎಂದರೆ ಸಾಕು.

‘Delivered’ ಎಂದು ಪುಟ ತೋರಿಸುತ್ತಿದ್ದು ಮನೆಗೆ ಏನೂ ಬಂದಿಲ್ಲವಾದರೆ ಮೊದಲು ಪಕ್ಕದ ಮನೆ, ಎದುರಿನ ಅಂಗಡಿ ಕೇಳಬೇಕು. ಅಲ್ಲೂ ಇಲ್ಲದಿದ್ದರೆ ಅದೇ ದಿನ ಆರ್ಡರಿನ ಪುಟದ ‘Help’ ಒತ್ತಿ ತಿಳಿಸಬೇಕು. ಗೂಗಲ್‌ನಲ್ಲಿ ಕಂಪನಿಯ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡುವುದು ಅಪಾಯ. ಮೋಸಗಾರರು ತಮ್ಮ ನಂಬರನ್ನು ಕಂಪನಿಯ ಹೆಸರಿನಲ್ಲಿ ಹಾಕಿಟ್ಟಿರುತ್ತಾರೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರು ಬಂದಿದೆ ಎಂದು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಆರ್ಡರ್ ನಂಬರ್ ಮತ್ತು ಆ ಪುಟದ ಸ್ಕ್ರೀನ್‌ಶಾಟ್ ಕೈಯಲ್ಲಿದ್ದರೆ ದೂರು ಹೇಳುವುದು ಸಲೀಸು.

ಟೀಚರಿನ ಗ್ಯಾಸ್ಕೆಟ್ ಬಂದದ್ದು ಸರಿ, ಆದರೆ ಮುಚ್ಚಳಕ್ಕೆ ಸ್ವಲ್ಪ ದೊಡ್ಡದಾಯಿತು ಎನ್ನೋಣ. ಹಾಗಾಗಬಹುದೆಂದೇ ಪೊಟ್ಟಣವನ್ನು ಹರಿಯದೆ ಕತ್ತರಿಯಿಂದ ನಾಜೂಕಾಗಿ ಬಿಡಿಸಬೇಕು, ಚೀಟಿ ಎಸೆಯಬಾರದು, ಒಲೆಗಿಟ್ಟು ನೋಡುವ ಮೊದಲು ಒಣ ಮುಚ್ಚಳಕ್ಕೆ ಹಾಕಿ ನೋಡಬೇಕು. ಬಳಸಿದ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಆರ್ಡರಿನ ಪುಟದಲ್ಲಿ ‘Return’ ಅಥವಾ ‘Replace’ ಇದ್ದರೆ, ಎಷ್ಟು ದಿನದೊಳಗೆ ಎಂಬುದೂ ಅಲ್ಲೇ ಇರುತ್ತದೆ. ಕಾರಣ ಆರಿಸಿ ಒತ್ತಿದರೆ ಮನೆಗೇ ಬಂದು ಒಯ್ಯುತ್ತಾರೆ, ಒಯ್ದದ್ದಕ್ಕೆ ಸಂದೇಶ ಬರುತ್ತದೆ. ನಗದು ಕೊಟ್ಟವರಿಗೆ ಹಣ ಹಿಂತಿರುಗಿಸಲು ಬ್ಯಾಂಕ್ ಖಾತೆಯ ನಂಬರ್ ಅಥವಾ ಯುಪಿಐ ವಿಳಾಸವನ್ನು ಆ್ಯಪೇ ಕೇಳುತ್ತದೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು ಮಾತ್ರ, ಪಡೆಯಲು ಬೇಡ. ಹಣ ವಾಪಸ್ ಕೊಡುತ್ತೇವೆ ಎಂದು ಯಾರಾದರೂ ಕರೆ ಮಾಡಿ ಆ ಪಿನ್ ಒತ್ತಲು ಹೇಳಿದರೆ, ಫೋನ್ ಇಟ್ಟು ಆರ್ಡರಿನ ಪುಟ ತೆರೆದು ನೋಡಬೇಕು. ಹಣ ಯಾವ ತಾರೀಕಿಗೆ, ಯಾವ ಖಾತೆಗೆ ಬರುತ್ತದೆ ಎಂದು ಅಲ್ಲಿ ಬರೆದಿರುತ್ತದೆ.